ಖಾಲಿ ಮನೆ ಮತ್ತು ನಾಲ್ಕು ಸೆಕೆಂಡಿನ ಮೌನ

"ಮಾತ್ರೆ ಶುರುವಾದ್ಮೇಲೆ ಆ ದನಿ ಪಕ್ಕದ ಮನೆಗೆ ಹೋದ ಹಾಗಾಯ್ತು. ಇದೆ, ಆದ್ರೆ ನನ್ನ ಕರೀತಿಲ್ಲ. ಸರಿಹೋದ ಅಂತ ಅಮ್ಮಂಗೆ ಖುಷಿ. (ನಾಲ್ಕು ಸೆಕೆಂಡು ಮೌನ) ಮನೆ ಖಾಲಿ ಅನ್ಸುತ್ತೆ."

ಇದು ಉದಾಹರಣೆಗೆಂದು ನಾನೇ ಕಟ್ಟಿದ ಮಾತು. ಹೇಳುವವನು ಮೂರು ವಾರದಿಂದ ರಿಸ್ಪೆರಿಡೋನ್ ನುಂಗುತ್ತಿರುವ ಯುವಕ ಎಂದುಕೊಳ್ಳಿ. ಅದು ಅವನ ಮೊದಲ ಆಂಟಿಸೈಕೋಟಿಕ್ ಔಷಧ. ದನಿ ಕಡಿಮೆಯಾಯಿತೇ, ತೂಕ ಹೆಚ್ಚಿತೇ ಎಂದು ವೈದ್ಯರ ಪಟ್ಟಿ ಕೇಳುತ್ತದೆ. ಆ ಮಾತ್ರೆಯೊಂದಿಗೆ ಬದುಕುವುದು ಅವನಿಗೆ ಏನಾಗಿ ಕಾಣುತ್ತಿದೆ ಎಂದು ಕೇಳುವ ವಿಧಾನವೇ ಬೇರೆ. ಮನಶ್ಶಾಸ್ತ್ರಜ್ಞ ಜೊನಾಥನ್ ಸ್ಮಿತ್ 1990ರ ದಶಕದಲ್ಲಿ ರೂಪಿಸಿದ ಅದಕ್ಕೆ ಇಂಟರ್‌ಪ್ರಿಟೇಟಿವ್ ಫಿನಾಮಿನಾಲಾಜಿಕಲ್ ಅನಾಲಿಸಿಸ್, ಚಿಕ್ಕದಾಗಿ ಐಪಿಎ, ಎಂದು ಹೆಸರು. ಬೆರಳೆಣಿಕೆಯ ಜನ ಸಾಕು. ಆದರೆ ಒಬ್ಬೊಬ್ಬರ ಮಾತನ್ನೂ ಮೌನಸಹಿತ ಬರೆದಿಟ್ಟು, ಮತ್ತೆ ಮತ್ತೆ ಓದಬೇಕು.

ಓದುತ್ತಾ ಅಂಚಿನಲ್ಲಿ ಟಿಪ್ಪಣಿ ಬೀಳುತ್ತದೆ. ಮೊದಲು ಅವನು ಹೇಳಿದ್ದು: ದನಿ ದೂರವಾಗಿದೆ, ಅಮ್ಮನಿಗೆ ಖುಷಿ. ಆಮೇಲೆ ಹೇಳಿದ ರೀತಿ: 'ಮನೆ' ಎರಡು ಸಲ ಬಂತು, ಎರಡನೆಯದು ಯಾವ ಮನೆ? 'ಸರಿಹೋದ' ಎಂಬುದು ಅಮ್ಮನ ಮಾತು, ಅವನದಲ್ಲ. ಕೊನೆಗೆ ಪ್ರಶ್ನೆ: ಕಾಡುತ್ತಿದ್ದ ದನಿಯೇ ಜೊತೆಯೂ ಆಗಿತ್ತೇ?

ಕನ್ನಡದಲ್ಲಿ ಇಲ್ಲೊಂದು ಗುಂಡಿಯಿದೆ. 'ಅನ್ಸುತ್ತೆ' ಎಂದದ್ದಕ್ಕೆ ಅವನು ಬದುಕಿನ ಹಿಡಿತ ಕಳೆದುಕೊಂಡಿದ್ದಾನೆ ಎಂದು ಬರೆದರೆ ತಪ್ಪು. ನಾವೆಲ್ಲ ಹಾಗೇ ಮಾತಾಡುತ್ತೇವೆ. ಅದು ವ್ಯಾಕರಣ, ರೋಗವಲ್ಲ. 'ನಾನು' ಬಿಟ್ಟುಹೋದದ್ದೂ ಅಷ್ಟೇ. ಪಕ್ಕದ ಮನೆಯ ಹೋಲಿಕೆಯಾದರೋ ಅವನೇ ಆರಿಸಿಕೊಂಡದ್ದು.

ಟಿಪ್ಪಣಿಗಳಿಂದ ಒಂದು ಸಾಲು ಹುಟ್ಟುತ್ತದೆ: 'ದನಿ ದೂರವಾದ ನೆಮ್ಮದಿಯ ಜೊತೆಗೇ ಬರಿದಾದ ಭಾವ'. ಇಂಥ ಸಾಲುಗಳನ್ನು ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಹರಡಿ, ಒಂದಕ್ಕೊಂದು ಹೊಂದುವುದನ್ನು ಗುಂಪು ಮಾಡಿದಾಗ ಅವನೊಬ್ಬನ ವಿಷಯಸೂತ್ರ ಸಿಗುತ್ತದೆ: 'ಮನೆಯವರ ಕಣ್ಣಿಗೆ ಗುಣ, ಒಳಗೆ ಖಾಲಿ'. ಇದನ್ನು ಬದಿಗಿಟ್ಟು ಎರಡನೆಯವರ ಮಾತಿಗೆ ಹೊಸದಾಗಿ ಕೂರಬೇಕು. ಆಕೆ "ಕನ್ನಡೀಲಿ ಯಾರೋ ದಪ್ಪ ಹುಡುಗಿ" ಎನ್ನಬಹುದು. ಎಲ್ಲರದೂ ಮುಗಿದ ಮೇಲಷ್ಟೇ ಪಕ್ಕಪಕ್ಕ ಇಡುವುದು. ಅವನದು ಖಾಲಿತನ, ಆಕೆಯದು ಮೈ; ಇಬ್ಬರಲ್ಲೂ ಗುಣವಾಗುವುದರ ಜೊತೆಗೇ ಪರಿಚಿತವಾದದ್ದೇನೋ ಕೈಬಿಟ್ಟಿದೆ. ಹೋಲಿಕೆಯಷ್ಟೇ ಈ ವ್ಯತ್ಯಾಸವೂ ವರದಿಯಲ್ಲಿ ಉಳಿಯಬೇಕು.

ಅವಸರದವರು ಇಲ್ಲಿ 'ಅಡ್ಡಪರಿಣಾಮಗಳು' ಎಂದು ತಲೆಬರಹ ಕೊಟ್ಟುಬಿಡುತ್ತಾರೆ. ಸಂದರ್ಶನಕ್ಕೆ ಮುಂಚೆಯೇ ಬರೆದಿಡಬಹುದಾದ ತಲೆಬರಹ ಅದು. ಅದಕ್ಕೆ ಆ ಯುವಕನೂ ಬೇಕಿಲ್ಲ, ಅವನ ಮೌನವೂ ಬೇಕಿಲ್ಲ. ಮಾತ್ರೆ ಬರೆದುಕೊಟ್ಟವರೇ ಸಂದರ್ಶನ ಮಾಡಿದರೆ ಇನ್ನೊಂದು ತೊಡಕು: "ಪರವಾಗಿಲ್ಲ ಸರ್" ಎಂಬ ಮರ್ಯಾದೆಯ ಉತ್ತರವೇ ಪುಟ ತುಂಬುತ್ತದೆ.

ಆ ಖಾಲಿತನ ಔಷಧದ್ದೋ, ಕಾಯಿಲೆಯದ್ದೋ, ಖಿನ್ನತೆಯದ್ದೋ ಎಂದು ಐಪಿಎ ತೀರ್ಮಾನಿಸಲಾರದು. ಎಷ್ಟು ಜನರಿಗೆ ಹೀಗಾಗುತ್ತದೆ ಎಂದೂ ಹೇಳದು. ಆದರೆ ಮುಂದಿನ ಭೇಟಿಯಲ್ಲಿ ವೈದ್ಯರು "ದನಿ ನಿಂತಿತಾ?" ಎಂದು ಕೇಳಿದ ಮೇಲೆ, "ನಿಂತ ಮೇಲೆ ಹೇಗಿದೆ?" ಎಂದೂ ಕೇಳಿ, ನಾಲ್ಕು ಸೆಕೆಂಡು ಕಾಯಬಹುದು.