ಸ್ವಿಚ್ ಆಫ್ ಮಾಡಿದ್ರೂ ಒತ್ತಡ ಆಫ್ ಆಗಲ್ಲ: ಸಿಂಕ್ ಕೆಳಗಿನ ಟೀ ಮತ್ತು ಟ್ಯೂಬ್

ಇವತ್ತು ಆರ್‌ಓ ವಾಟರ್ ಪ್ಯೂರಿಫೈಯರ್ ಒಳಗಿನ ಫಿಲ್ಟರ್ ಬಗ್ಗೆ ಅಲ್ಲ, ಅದಕ್ಕೆ ನೀರು ತರುವ ಎರಡು ಸಣ್ಣ ಸಾಮಾನಿನ ಬಗ್ಗೆ ಮಾತಾಡೋಣ.

ನಾವಿರೋದು ಪುಣೆಯಲ್ಲಿ, 14 ಮಹಡಿಯ ಬಿಲ್ಡಿಂಗ್‌ನ 2ನೇ ಮಹಡಿಯ ಬಾಡಿಗೆ ಮನೆ. ಹೋದ ದೀಪಾವಳಿಗೆ ಊರಿಗೆ ಹೊರಡುವಾಗ ಪ್ಯೂರಿಫೈಯರ್ ಸ್ವಿಚ್ ಆಫ್ ಮಾಡಿದ್ದೆ. ಮೂರನೇ ದಿನ ಕೆಳಗಿನ ಮನೆಯ ಕಾಕಾ ಫೋನ್ ಮಾಡಿ, "ನಮ್ಮ ಕಿಚನ್ ಸೀಲಿಂಗ್ ಒದ್ದೆ ಆಗಿದೆ" ಅಂದರು. ವಾಪಸ್ ಬಂದು ನೋಡಿದರೆ ಸಿಂಕ್ ಕೆಳಗಿನ ಪ್ಲೈವುಡ್ ಉಬ್ಬಿಹೋಗಿತ್ತು. ಫಿಟ್ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಸ್ವಿಚ್ ಆಫ್ ಮಾಡಿದರೆ ಪ್ಯೂರಿಫೈಯರ್ ಒಳಗಿನ ಸೊಲೆನಾಯ್ಡ್ ವಾಲ್ವ್ ಮುಚ್ಚುತ್ತೆ, ನಿಜ. ಆದರೆ ನಲ್ಲಿಯ ಟೀಯಿಂದ ಆ ವಾಲ್ವ್‌ವರೆಗಿನ ಟ್ಯೂಬ್‌ನಲ್ಲಿ ಟೆರೇಸ್ ಟ್ಯಾಂಕಿನ ಪೂರ್ತಿ ಒತ್ತಡ ಹಗಲು ರಾತ್ರಿ ಇದ್ದೇ ಇರುತ್ತೆ. ಲೆಕ್ಕ ಹಾಕಿ. ನಮ್ಮ ಮೇಲೆ 12 ಮಹಡಿ, ಒಂದಕ್ಕೆ 3 ಮೀಟರ್ ಅಂದ್ರೆ 36 ಮೀಟರ್. 10 ಮೀಟರ್ ನೀರಿಗೆ ಸುಮಾರು 1 ಬಾರ್. ಅಂದ್ರೆ ಮೂರೂವರೆ ಬಾರ್, ಕಾರ್ ಟೈರ್‌ಗಿಂತ ಜಾಸ್ತಿ. ರಾತ್ರಿ ಯಾರೂ ನೀರು ಬಳಸದಾಗ ಆ ಒತ್ತಡ ಪೂರ್ತಿ ಇಲ್ಲೇ ಬೀಳುತ್ತೆ. ಹಗಲು ಒಣಗಿದ್ದ ಜಾಯಿಂಟ್ ರಾತ್ರಿ ತೊಟ್ಟಿಕ್ಕೋದು ಅದಕ್ಕೇ.

ನನ್ನ ತಪ್ಪು ಟ್ಯೂಬ್‌ನಲ್ಲಿತ್ತು. ಪ್ಯೂರಿಫೈಯರ್ ಜೊತೆ ಬಂದ ಟ್ಯೂಬ್ ಗಿಡ್ಡವಾಯ್ತು ಅಂತ ಹಾರ್ಡ್‌ವೇರ್ ಅಂಗಡಿಯಿಂದ 6 ಎಂಎಂ ಟ್ಯೂಬ್ ತಂದೆ. ಅದು ಏರ್ ಕಂಪ್ರೆಸರ್ ಲೈನಿನದು. ಆರ್‌ಓ ಟ್ಯೂಬ್ ಕಾಲು ಇಂಚು, ಅಂದ್ರೆ ಹೊರಗಿನ ಅಳತೆ 6.35 ಎಂಎಂ. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ, ಪುಶ್ ಫಿಟ್ಟಿಂಗ್‌ಗೆ ಒತ್ತಿದರೆ ಕೂತಂಗೂ ಕಾಣುತ್ತೆ. ಆದರೆ ಒಳಗಿನ ಓ-ರಿಂಗ್ ಟ್ಯೂಬ್‌ನ ಹೊರಮೈಯನ್ನು ಬಿಗಿಯಾಗಿ ಹಿಡಿದಾಗ ಮಾತ್ರ ನೀರು ನಿಲ್ಲುತ್ತೆ. ಆ 0.35 ಎಂಎಂ ಸಾಕಾಯ್ತು. ಹಾಗಾಗಿ ಅಂಗಡಿಯಲ್ಲಿ "ಆರ್‌ಓ ಟ್ಯೂಬ್, ಕಾಲು ಇಂಚು, ಕುಡಿಯೋ ನೀರಿನದು" ಅಂತಲೇ ಕೇಳಿ. ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಓರೆಯಾದರೆ ಸೀಲ್ ಆಗಲ್ಲ. ಒತ್ತುವಾಗ ಮೊದಲು ಒಮ್ಮೆ ತಡೆದಂತಾಗುತ್ತೆ. ಅದನ್ನು ದಾಟಿ ತುದಿ ಮುಟ್ಟುವವರೆಗೆ ಒತ್ತಿ, ಆಮೇಲೆ ಜಗ್ಗಿ ನೋಡಿ. ಮೂಲೆಯಲ್ಲಿ ಟ್ಯೂಬ್ ಮಡಚದ ಹಾಗೆ ಅಗಲವಾಗಿ ತಿರುಗಿಸಿ.

ಈಗ ಟೀ. ಸಿಂಕ್ ಕೆಳಗೆ ತಣ್ಣೀರಿನ ಆಂಗಲ್ ವಾಲ್ವ್ ಇದ್ದರೆ ಕೆಲಸ ಸುಲಭ. ವಾಲ್ವ್ ಮುಚ್ಚಿ, ನಲ್ಲಿಗೆ ಹೋಗೋ ಕನೆಕ್ಷನ್ ಪೈಪ್ ಬಿಚ್ಚಿ, ಮಧ್ಯೆ ಅರ್ಧ ಇಂಚಿನ ಟೀ ಕೂರಿಸಿ. ಗೀಸರ್ ಲೈನಿಗೆ ಮಾತ್ರ ಬೇಡ, ಬಿಸಿನೀರು ಮೆಂಬ್ರೇನ್ ಹಾಳುಮಾಡುತ್ತೆ. ಹಿತ್ತಾಳೆ ಟೀ ತಗೊಳ್ಳಿ. ಪ್ಲಾಸ್ಟಿಕ್ಕಿನದು ಜಾಸ್ತಿ ತಿರುಗಿಸಿದರೆ ಸೀಳು ಬಿಡುತ್ತೆ, ಆ ಸೀಳು ತಿಂಗಳಾದ ಮೇಲೂ ಬಾಯಿ ಬಿಡಬಹುದು. ಟೀಯ ಪಕ್ಕದ ಬಾಯಿಗೆ ಸಣ್ಣ ಬಾಲ್ ವಾಲ್ವ್ ಇರಲೇಬೇಕು.

ಟೆಫ್ಲಾನ್ ಟೇಪ್ ಎಲ್ಲಾ ಕಡೆ ಸುತ್ತೋ ಅಭ್ಯಾಸ ನಮ್ಮದು. ನಟ್ ಒಳಗೆ ರಬ್ಬರ್ ವಾಷರ್ ಇದ್ದರೆ ಸೀಲ್ ಮಾಡೋದು ವಾಷರ್; ಟೇಪ್ ದಪ್ಪವಾದರೆ ನಟ್ ಪೂರ್ತಿ ಕೂರದೇ ವಾಷರ್ ಒತ್ತೋದೇ ಇಲ್ಲ. ಅಲ್ಲಿ ಕೈಯಿಂದ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಕೊಟ್ಟರೆ ಸಾಕು. ವಾಷರ್ ಇಲ್ಲದ ಥ್ರೆಡ್‌ಗೆ, ಉದಾಹರಣೆಗೆ ಟೀಗೆ ಕೂರೋ ಬಾಲ್ ವಾಲ್ವ್‌ಗೆ, ಟೇಪ್ ಬೇಕು. ತಿರುಗಿಸೋ ದಿಕ್ಕಿನಲ್ಲೇ ಸುತ್ತಬೇಕು.

ಸಿಂಕ್ ಕೆಳಗೋ ಪಕ್ಕದ ಗೋಡೆಗೋ? ಮುಂದೆ ನಲ್ಲಿ ಇರೋ ಮಾಡೆಲ್ ಆದರೆ ಪಕ್ಕದ ಗೋಡೆಯೇ ಸರಿ, ಲೋಟ ಹಿಡಿಯಬೇಕಲ್ಲ. ಕೆಳಗಿಡೋ ಮಾಡೆಲ್‌ಗೆ ಬೇರೆ ನಲ್ಲಿ ಬೇಕು, ಗ್ರಾನೈಟ್ ಕೊರೆಯಬೇಕು. ಬಾಡಿಗೆ ಮನೆಯಾದರೆ ಓನರ್‌ನ ಕೇಳಿಯೇ ಕೊರೆಯಿರಿ. ಕೆಳಗಿಟ್ಟರೆ ಇನ್ನೊಂದು ತೊಂದರೆ: ಸೋರಿಕೆ ಕಣ್ಣಿಗೇ ಬೀಳಲ್ಲ. ಎಲ್ಲಿಟ್ಟರೂ ಪ್ರೀ-ಫಿಲ್ಟರ್ ಬಟ್ಟಲಿನ ಕೆಳಗೆ ಅದನ್ನು ಬಿಚ್ಚೋಕೆ ಜಾಗ ಬಿಡಿ.

ಕೆಲಸ ಮುಗಿದ ಮೇಲೆ ಜಾಯಿಂಟ್ ಒರೆಸಿ, ಕೆಳಗೆ ಹಳೇ ಪೇಪರ್ ಹಾಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಮೇಲೆ ಕಲೆ ಎಲ್ಲಿದೆಯೋ ಅದರ ನೇರಕ್ಕೇ ಮೇಲಿನ ಜಾಯಿಂಟ್ ನೋಡಿ. ಒತ್ತಡ ನಿಮ್ಮ ಪ್ಯೂರಿಫೈಯರ್ ಮ್ಯಾನುಯಲ್‌ನಲ್ಲಿ ಬರೆದ ಗರಿಷ್ಠಕ್ಕಿಂತ ಜಾಸ್ತಿ ಇದ್ದರೆ ಟೀ ಆದ ಮೇಲೆ ಒಂದು ಪ್ರೆಷರ್ ರೆಗ್ಯುಲೇಟರ್ ಹಾಕಿಸಿ.

ಕಾಕಾ ಸೀಲಿಂಗಿಗೆ ನಾನೇ ಪೇಂಟ್ ಮಾಡಿಸಿಕೊಟ್ಟೆ. ಈಗ ಊರಿಗೆ ಹೊರಡುವಾಗ ಸ್ವಿಚ್ ಜೊತೆಗೆ ಟೀಯ ಆ ಸಣ್ಣ ವಾಲ್ವನ್ನೂ ತಿರುಗಿಸಿಯೇ ಬಾಗಿಲು ಹಾಕೋದು.