ಸೇವಾಸಂಸ್ಥೆಗೆ ಬರೆಯುವ ಅರ್ಜಿ ಇಮೇಲ್

ಸೇವಾಸಂಸ್ಥೆಗಳಿಗೆ ಬರುವ ಅರ್ಜಿಗಳಲ್ಲಿ ‘ಸಮಾಜಸೇವೆ ನನ್ನ ಕನಸು’ ಎಂಬ ಸಾಲು ಸಾಮಾನ್ಯ. ಆಸಕ್ತಿಗೆ ಅದು ಸಾಕ್ಷಿಯಲ್ಲ. ರಾಯಚೂರು ಜಿಲ್ಲೆಯ ಹಳ್ಳಿ ಗ್ರಂಥಾಲಯಗಳನ್ನು ನೋಡಿಕೊಳ್ಳುವ ಸಂಯೋಜಕರ ಹುದ್ದೆಯೊಂದಿದೆ ಎಂದುಕೊಳ್ಳೋಣ. ವಿಷಯದ ಸಾಲಿನಲ್ಲಿ ಹುದ್ದೆ, ಊರು ಇದ್ದರೆ ಸಾಕು. ಮೊದಲ ಪ್ಯಾರಾ ಹೀಗಿರಬಹುದು: ‘ಎರಡು ವರ್ಷ ಪ್ರತಿ ಶನಿವಾರ ನಮ್ಮೂರ ಶಾಲೆಯಲ್ಲಿ ಕಥೆ ಓದಿ ಹೇಳಿದ್ದೇನೆ. ಐದನೇ ತರಗತಿಯಲ್ಲೂ ಕೆಲವರು ಅಕ್ಷರ ಕೂಡಿಸಿ ಓದಲು ಒದ್ದಾಡುವುದನ್ನು ಕಂಡೆ.’ ಕೌಶಲ ಅದರ ಬೆನ್ನಿಗೇ ಬರಬೇಕು: ‘40 ಮಕ್ಕಳ ಹಾಜರಿ, ಪುಸ್ತಕಗಳ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಿದ್ದೆ. ತೆಲುಗು ಬರುತ್ತದೆ, ಬೈಕ್ ಓಡಿಸುತ್ತೇನೆ.’ ಬೈಕಿನ ಮಾತು ಚಿಲ್ಲರೆ ಎನಿಸೀತು. ದಿನವೂ ಹಳ್ಳಿ ಸುತ್ತುವ ಕೆಲಸಕ್ಕೆ ಪದವಿಯಷ್ಟೇ ಅದೂ ಬೇಕು. ಸಂಸ್ಥೆಯ ಹೆಸರು ಬದಲಿಸಿ ಇನ್ನೊಂದೆಡೆಗೂ ಕಳಿಸಬಹುದಾದ ಪತ್ರವಾಗಿದ್ದರೆ ಮತ್ತೆ ತಿದ್ದಬೇಕು. ಕೊನೆಗೆ ಕೆಲಸಕ್ಕೆ ಸೇರಬಹುದಾದ ದಿನಾಂಕ, ಫೋನ್ ಸಂಖ್ಯೆ, ಜೊತೆಗೆ ಪಿಡಿಎಫ್ ರೂಪದ ಸ್ವವಿವರ.