ವಯಸ್ಸಿನ ಕಾಲಂ ಬರೆದ ದಿನವೇ ಹಳಸುತ್ತದೆ

ಹಳ್ಳಿಯಲ್ಲಿ ನಡೆಯುವ ಯಾವುದೇ ಸಮೀಕ್ಷೆಯ ಹಾಳೆ ತೆಗೆದು ನೋಡಿ. ಕ್ರಮ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಅದರ ಪಕ್ಕದಲ್ಲಿ ವಯಸ್ಸು. ಕುಂದಗೋಳದ ಸ್ವಸಹಾಯ ಸಂಘದ ಪಟ್ಟಿಯಾಗಲಿ, ಕಲಘಟಗಿಯ ಹಾಲಿನ ಸೊಸೈಟಿಯ ಪಟ್ಟಿಯಾಗಲಿ, ಕಾಲಂಗಳು ಹೆಚ್ಚುಕಡಿಮೆ ಇವೇ. ಈ ಹಾಳೆ ಕಂಪ್ಯೂಟರ್‌ಗೆ ಏರುವಾಗ ಕಾಲಂಗಳೂ ಹಾಗೇ ಏರುತ್ತವೆ. ಬಿಸಿಎ, ಡಿಪ್ಲೊಮಾ ಓದುವ ನಾವು ಪ್ರಾಜೆಕ್ಟಿಗೆಂದು ಟೇಬಲ್ ಮಾಡುವಾಗಲೂ ಕೈ ತಾನಾಗಿಯೇ `age INT` ಎಂದು ಬರೆದುಬಿಡುತ್ತದೆ.

ಹೆಸರು ಹತ್ತು ವರ್ಷವಾದರೂ ಬದಲಾಗುವುದಿಲ್ಲ. ವಯಸ್ಸು ಹಾಗಲ್ಲ. 365 ಜನರ ಪಟ್ಟಿಯಿದ್ದರೆ ಸರಾಸರಿ ದಿನಕ್ಕೊಬ್ಬರ ವಯಸ್ಸು ತಪ್ಪಾಗುತ್ತ ಹೋಗುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಪಟ್ಟಿಯ ಒಂದು ಸಾಲೂ ಸರಿಯಿರುವುದಿಲ್ಲ. ಯಾರೂ ಏನನ್ನೂ ಮುಟ್ಟದಿದ್ದರೂ ಡೇಟಾ ಕೆಟ್ಟಿರುತ್ತದೆ. ಸಾಫ್ಟ್‌ವೇರ್ ಯಾವ ಎರರ್ ಅನ್ನೂ ತೋರಿಸುವುದಿಲ್ಲ, ಏಕೆಂದರೆ 58 ಎಂಬ ಅಂಕಿಯಲ್ಲಿ ತಪ್ಪೇನೂ ಕಾಣುವುದಿಲ್ಲ.

ಇದರ ಬೆಲೆ ತೆರುವವರು ಯಾರು? ವೃದ್ಧಾಪ್ಯ ವೇತನವನ್ನೇ ನೋಡೋಣ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ 60 ತುಂಬಿರಬೇಕು, ಸಂಧ್ಯಾ ಸುರಕ್ಷಾ ಯೋಜನೆಗೆ 65. ನವಲಗುಂದ ತಾಲ್ಲೂಕಿನ ಒಂದು ಊರಲ್ಲಿ 2021ರ ಜೂನ್ 15ರಂದು ಪಟ್ಟಿ ಮಾಡಿದರು, ಅಲ್ಲೊಬ್ಬ ತಾಯಿಯ ವಯಸ್ಸು 58 ಎಂದು ಬರೆದರು ಎಂದಿಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ‘60 ದಾಟಿದವರ ಹೆಸರು ಕೊಡು’ ಎಂದು ಕೇಳಿದರೆ ಕಂಪ್ಯೂಟರ್ ಆಕೆಯ ಹೆಸರು ಕೊಡುವುದಿಲ್ಲ. ಅದರ ಪಾಲಿಗೆ ಆಕೆಗೆ ಇನ್ನೂ 58.

‘ಪ್ರತಿ ಜನವರಿ 1ಕ್ಕೆ ಎಲ್ಲರ ವಯಸ್ಸಿಗೆ ಒಂದು ಕೂಡಿಸಿದರಾಯಿತು’ ಎಂದು ಕೆಲವರು ಹೇಳುತ್ತಾರೆ. ಆಗ ಡಿಸೆಂಬರ್‌ನಲ್ಲಿ ಹುಟ್ಟಿದವರಿಗೆ ಹನ್ನೊಂದು ತಿಂಗಳು ಮೊದಲೇ ವಯಸ್ಸಾಗುತ್ತದೆ. ಒಂದು ವರ್ಷ ಆ ಕಮಾಂಡ್ ಓಡಿಸಲು ಮರೆತರೆ, ಅಥವಾ ಇಬ್ಬರು ಸಿಬ್ಬಂದಿ ಎರಡು ಸಲ ಓಡಿಸಿದರೆ, ಇಡೀ ಪಟ್ಟಿ ಒಂದು ವರ್ಷ ಜಾರಿಹೋಗುತ್ತದೆ. ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಅದು ಗೊತ್ತಾಗುವುದಿಲ್ಲ.

ವಯಸ್ಸು ಎಂದರೆ ಎರಡು ದಿನಾಂಕಗಳ ನಡುವಿನ ಅಂತರ. ಒಂದು ಹುಟ್ಟಿದ ದಿನ, ಅದು ಬದಲಾಗುವುದಿಲ್ಲ. ಇನ್ನೊಂದು ‘ಯಾವ ದಿನಕ್ಕೆ?’ ಎಂಬುದು, ಅದನ್ನು ಪ್ರಶ್ನೆ ಕೇಳುವವರು ತರುತ್ತಾರೆ. ಆದ್ದರಿಂದ ಟೇಬಲ್‌ನಲ್ಲಿ ಮೊದಲನೆಯದನ್ನು ಮಾತ್ರ ಇಟ್ಟು, ಎರಡನೆಯದನ್ನು ಕೇಳುವ ಹೊತ್ತಿಗೆ ಕೊಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಇಷ್ಟು ಸಾಕು:

```sql
SELECT name, TIMESTAMPDIFF(YEAR, dob, CURDATE()) AS age
FROM people;
```

ಇಲ್ಲಿ `dob` ಕಾಲಂ `DATE` ಮಾದರಿಯದ್ದಾಗಿರಬೇಕು. ಅಕ್ಷರಗಳ ರೂಪದಲ್ಲಿಟ್ಟರೆ 05/06/2007 ಎಂಬುದು ಜೂನ್ 5ಓ ಮೇ 6ಓ ಎಂಬ ಜಗಳ ಶುರುವಾಗುತ್ತದೆ.

ದಿನಗಳನ್ನು ಎಣಿಸಿ 365ರಿಂದ ಭಾಗಿಸುವವರೂ ಇದ್ದಾರೆ. 2007ರ ಮಾರ್ಚ್ 10ರಂದು ಹುಟ್ಟಿದವರಿಗೆ 2025ರ ಮಾರ್ಚ್ 10ಕ್ಕೆ 18 ತುಂಬುತ್ತದೆ. ನಡುವೆ 2008, 2012, 2016, 2020, 2024 ಎಂಬ ಐದು ಅಧಿಕ ವರ್ಷಗಳಿವೆ. ಹಾಗಾಗಿ ಈ ಭಾಗಾಕಾರ ಐದು ದಿನ ಮೊದಲೇ, ಮಾರ್ಚ್ 5ಕ್ಕೇ, 18 ಎನ್ನುತ್ತದೆ. 60ರ ಲೆಕ್ಕದಲ್ಲಿ ಹದಿನೈದು ದಿನ ತಪ್ಪುತ್ತದೆ. 365.25ರಿಂದ ಭಾಗಿಸಿದರೂ ಪೂರ್ತಿ ಸರಿಹೋಗುವುದಿಲ್ಲ: 2008ರ ಮಾರ್ಚ್ 10ರಂದು ಹುಟ್ಟಿದವರಿಗೆ 18ನೇ ಹುಟ್ಟುಹಬ್ಬದ ದಿನವೇ ಅದು 17 ಎನ್ನುತ್ತದೆ. ಸರಿಯಾದ ಕ್ರಮ ನಾವು ಬೆರಳೆಣಿಸಿ ಮಾಡುವಂಥದ್ದೇ. ಇಸವಿಯಿಂದ ಇಸವಿ ಕಳೆಯಿರಿ, ಈ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿಲ್ಲವಾದರೆ ಇನ್ನೊಂದು ಕಳೆಯಿರಿ. `TIMESTAMPDIFF` ಒಳಗೆ ಮಾಡುವುದೂ ಅದನ್ನೇ.

60 ತುಂಬಿದವರನ್ನಷ್ಟೇ ಹುಡುಕುವಾಗ ಒಬ್ಬೊಬ್ಬರ ವಯಸ್ಸನ್ನೂ ಲೆಕ್ಕ ಹಾಕಬೇಕಿಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಬಹುದು. ಇವತ್ತಿಗೆ 60 ವರ್ಷ ಹಿಂದಿನ ದಿನ ಯಾವುದು? ಆ ದಿನ ಅಥವಾ ಅದಕ್ಕೂ ಮೊದಲು ಹುಟ್ಟಿದವರು ಯಾರು?

```sql
SELECT name FROM people
WHERE dob <= CURDATE() - INTERVAL 60 YEAR;
```

`dob` ಮೇಲೆ ಇಂಡೆಕ್ಸ್ ಇದ್ದರೆ ಈ ಕ್ವೆರಿ ಅದನ್ನು ಬಳಸಿಕೊಳ್ಳಬಲ್ಲದು, ಪಟ್ಟಿ ಲಕ್ಷ ಸಾಲಿನದ್ದಾದರೂ ತಡವಾಗದು.

‘ಯಾವ ದಿನಕ್ಕೆ?’ ಎಂಬ ಪ್ರಶ್ನೆಯ ಉತ್ತರ ಯಾವಾಗಲೂ ‘ಇವತ್ತಿಗೆ’ ಎಂದಿರುವುದಿಲ್ಲ. ಮತದಾರರ ಪಟ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ವರ್ಷಕ್ಕೆ ಒಂದೇ ಅರ್ಹತಾ ದಿನಾಂಕವಿತ್ತು, ಜನವರಿ 1. ಆ ದಿನಕ್ಕೆ 18 ತುಂಬಿರಬೇಕಿತ್ತು. 2021ರ ಕಾನೂನು ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಾದವು. 2022ರ ಆಗಸ್ಟ್‌ನಿಂದ ಇದು ಜಾರಿಯಲ್ಲಿದೆ. ಅಣ್ಣಿಗೇರಿಯಲ್ಲಿ 2007ರ ಜೂನ್ 20ರಂದು ಹುಟ್ಟಿದ ಹುಡುಗಿ ಹಳೆಯ ನಿಯಮದಂತೆ 2026ರ ಜನವರಿ 1ರವರೆಗೆ ಕಾಯಬೇಕಿತ್ತು. ಹೊಸ ನಿಯಮದಂತೆ 2025ರ ಜುಲೈ 1ಕ್ಕೇ ಅರ್ಹಳು. ಅವಳ ಹೆಸರಿನ ಮುಂದೆ ‘17’ ಎಂದಷ್ಟೇ ಇದ್ದರೆ ನಿಯಮ ಬದಲಾದಾಗ ಮನೆಮನೆಗೆ ಹೋಗಿ ಮತ್ತೆ ಕೇಳಬೇಕು. ಹುಟ್ಟಿದ ದಿನಾಂಕವಿದ್ದರೆ ಕ್ವೆರಿಯಲ್ಲಿ `CURDATE()` ತೆಗೆದು `'2025-07-01'` ಎಂದು ಹಾಕಿದರೆ ಮುಗಿಯಿತು.

ಉದ್ಯೋಗದ ಅರ್ಜಿ ಹಾಕುವವರು ತಿಳಿದಿರಬೇಕಾದ ಒಂದು ಪ್ರಕರಣವೂ ಇದೆ. ರಾಜಸ್ಥಾನ ಸರ್ಕಾರಿ ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗೆ 1984ರ ಜನವರಿ 1ರಂದು 28 ವರ್ಷ ತುಂಬಿರಬಾರದು ಎಂಬ ನಿಯಮವಿತ್ತು. ಪ್ರಭು ದಯಾಳ್ ಸೇಸ್ಮಾ ಎಂಬ ಅಭ್ಯರ್ಥಿ ಹುಟ್ಟಿದ್ದು 1956ರ ಜನವರಿ 2ರಂದು. ನಮ್ಮ ಕ್ವೆರಿಯ ಪ್ರಕಾರ ಆ ದಿನ ಅವರಿಗೆ 27. ಆದರೆ 1986ರಲ್ಲಿ ಸುಪ್ರೀಂ ಕೋರ್ಟ್, ಹುಟ್ಟಿದ ದಿನವನ್ನೂ ಒಂದು ಪೂರ್ತಿ ದಿನವೆಂದು ಎಣಿಸಬೇಕು, ಹಾಗಾಗಿ ಜನವರಿ 1 ಮುಗಿಯುವಾಗಲೇ ಅವರಿಗೆ 28 ತುಂಬಿತು ಎಂದು ಹೇಳಿತು. ಅವರು ಅನರ್ಹರಾದರು. ಒಂದು ದಿನದಲ್ಲಿ ಅವಕಾಶ ಹೋಯಿತು. ನಮ್ಮ ರಾಜ್ಯದಲ್ಲಿ ಜೂನ್ 1ರಂದು ಹುಟ್ಟಿದ ಸರ್ಕಾರಿ ನೌಕರರು ಜೂನ್ ಕೊನೆಗಲ್ಲ, ಮೇ 31ಕ್ಕೇ ನಿವೃತ್ತರಾಗುವುದರ ಹಿಂದಿರುವ ಲೆಕ್ಕವೂ ಇಂಥದ್ದೇ. ಹಾಗಾಗಿ ಹುಟ್ಟುಹಬ್ಬ ಕೊನೆಯ ದಿನಾಂಕದ ಆಸುಪಾಸಿನಲ್ಲಿದ್ದರೆ ಅಧಿಸೂಚನೆಯ ವಾಕ್ಯವನ್ನು ಅಕ್ಷರ ಬಿಡದೆ ಓದಬೇಕು. ಸಾಫ್ಟ್‌ವೇರ್ ಬರೆಯುವವರೂ ಗಡಿಯ ಆ ಒಂದು ದಿನವನ್ನು ಬೇರೆಯಾಗಿ ಪರೀಕ್ಷಿಸಬೇಕು. ನಿಯಮದ ವ್ಯಾಖ್ಯಾನ ಬದಲಾಗಬಹುದು, ಟೇಬಲ್‌ನಲ್ಲಿರುವ ಜನ್ಮದಿನಾಂಕ ಮಾತ್ರ ಹಾಗೇ ಉಳಿಯುತ್ತದೆ.

ಇಷ್ಟೆಲ್ಲ ಸರಿ, ಜನ್ಮದಿನಾಂಕವೇ ಗೊತ್ತಿಲ್ಲದವರ ಗತಿ? ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇದೇ ನಿಜವಾದ ತೊಡಕು. ಸಾಲಿಗೆ ಹೆಸರು ಹಚ್ಚುವಾಗ ಗುರುಗಳು ಲೆಕ್ಕ ಸರಿಹೋಗಲೆಂದು ಜೂನ್ 1 ಎಂದು ಬರೆದ ಮಕ್ಕಳು ಎಷ್ಟೋ. ಆಧಾರ್ ನೋಂದಣಿಯಲ್ಲಿ ವಯಸ್ಸನ್ನಷ್ಟೇ ಹೇಳಿದವರಿಗೆ ಆ ಇಸವಿಯ ಜನವರಿ 1 ಬಂದು ಕೂತಿದೆ. ಕಂಪ್ಯೂಟರ್‌ಗೆ ಇವೂ ನಿಜವಾದ ದಿನಾಂಕಗಳೇ. ಆದರೆ ಗುರುತಿಸುವುದು ಸುಲಭ. 3,650 ಜನರ ಪಟ್ಟಿಯಲ್ಲಿ ಒಂದೊಂದು ತಾರೀಖಿಗೆ ಸುಮಾರು ಹತ್ತು ಜನ ಬರಬೇಕು. ಈ ಕ್ವೆರಿ ಓಡಿಸಿ ನೋಡಿ:

```sql
SELECT MONTH(dob) AS m, DAY(dob) AS d, COUNT(*) AS c
FROM people GROUP BY m, d
ORDER BY c DESC LIMIT 5;
```

ಜೂನ್ 1ರ ಮುಂದೆ ಹತ್ತರ ಬದಲು ನೂರಾರು ಕಂಡರೆ ಅವು ಹುಟ್ಟಿದ ದಿನಗಳಲ್ಲ, ಅಂದಾಜುಗಳು. ಅಂದಾಜು ಇಡುವುದು ತಪ್ಪಲ್ಲ, ಅದನ್ನು ಅಂದಾಜು ಎಂದು ಬರೆಯದಿರುವುದು ತಪ್ಪು. ಆಧಾರ್ ವ್ಯವಸ್ಥೆಯಲ್ಲಿ ದಾಖಲೆಯಿಂದ ದೃಢಪಟ್ಟದ್ದು, ಬಾಯಿಮಾತಿನದ್ದು, ಅಂದಾಜಿನದ್ದು ಎಂಬ ಮೂರು ಬಗೆಗಳಿವೆ. ನಿಮ್ಮ ಟೇಬಲ್‌ನಲ್ಲೂ `dob` ಪಕ್ಕದಲ್ಲಿ `dob_type` ಎಂಬ ಕಾಲಂ ಇರಲಿ.

ಅಂದಾಜು ಮಾಡುವುದಕ್ಕೂ ಒಂದು ದಾರಿಯಿದೆ. ಮೊದಲು ಹೇಳಿದ ನವಲಗುಂದದ ಆ ತಾಯಿಯ ಬಳಿಗೆ ಮತ್ತೆ ಹೋಗೋಣ. 2021ರ ಜೂನ್ 15ಕ್ಕೆ 58 ಎಂದರೆ ಆಕೆ 1962ರ ಜೂನ್ 16ರಿಂದ 1963ರ ಜೂನ್ 15ರೊಳಗೆ ಹುಟ್ಟಿರಬೇಕು. ಒಂದು ವರ್ಷದ ಕಿಂಡಿ ಅದು. ‘ಯವ್ವಾ, ನಿಮ್ಮ ವಯಸ್ಸೆಷ್ಟು?’ ಎನ್ನುವ ಬದಲು ‘ಬಂಡಾಯ ಆದಾಗ ನೀವೆಷ್ಟು ದೊಡ್ಡಾಕಿ ಇದ್ರಿ?’ ಎಂದು ಕೇಳಿ. ನವಲಗುಂದ, ನರಗುಂದದ ರೈತ ಬಂಡಾಯ ನಡೆದದ್ದು 1980ರ ಜುಲೈ 21ರಂದು. ‘ಆಗ ನನಗ ಹದಿನೆಂಟು ತುಂಬಿದ್ವು’ ಎಂದು ಆಕೆ ಹೇಳಿದರೆ, 1961ರ ಜುಲೈ 22ರಿಂದ 1962ರ ಜುಲೈ 21ರ ನಡುವೆ ಹುಟ್ಟಿದಂತಾಯಿತು. ಎರಡೂ ಕಿಂಡಿಗಳು ಕೂಡುವ ಜಾಗ 1962ರ ಜೂನ್ 16ರಿಂದ ಜುಲೈ 21, ಬರೀ 36 ದಿನ. ನೆನಪಿನ ಮಾತಿನಲ್ಲಿ ಒಂದೆರಡು ವರ್ಷ ಹಿಂದುಮುಂದಾಗಬಹುದು. ಎರಡು ಕಿಂಡಿಗಳು ಕೂಡದೇ ಹೋದರೆ ಎರಡರಲ್ಲೊಂದು ತಪ್ಪು ಎಂದಾದರೂ ತಿಳಿಯುತ್ತದೆ. ವೇತನದ ಅರ್ಜಿಗೆ ಇದು ದಾಖಲೆಯಾಗದು. ಆದರೆ ಯಾರ ಮನೆಗೆ ಮೊದಲು ಹೋಗಿ ಕಾಗದಪತ್ರ ಹುಡುಕಿಸಬೇಕು ಎಂಬುದನ್ನು ಇದು ಹೇಳುತ್ತದೆ.

ಇಷ್ಟು ಲೆಕ್ಕ ಸಾಧ್ಯವಾದದ್ದು 58ರ ಜೊತೆ ‘2021ರ ಜೂನ್ 15’ ಎಂದು ಬರೆದಿದ್ದರಿಂದ. ಹಾಗಾಗಿ ಹುಟ್ಟಿದ ದಿನ ಸಿಗದೆ ವಯಸ್ಸನ್ನೇ ಬರೆದುಕೊಳ್ಳಬೇಕಾದ ಕಡೆ, ಕೇಳಿದ ದಿನಾಂಕಕ್ಕೂ ಒಂದು ಕಾಲಂ ಇಡಿ. ನಿಮ್ಮ ಊರಿನ ಸಂಘದ ಹಳೇ ಪಟ್ಟಿ ಕೈಗೆ ಸಿಕ್ಕರೆ ಮೊದಲು ಮೂಲೆಯಲ್ಲಿ ತಾರೀಖು ಬರೆದಿದೆಯೇ ನೋಡಿ. ಇದ್ದರೆ ಅಲ್ಲಿನ ಪ್ರತಿ ವಯಸ್ಸೂ ಒಂದು ವರ್ಷದ ಕಿಂಡಿಯಾಗುತ್ತದೆ. ಇಲ್ಲದಿದ್ದರೆ ಮತ್ತೆ ಮನೆಮನೆಗೆ ಹೋಗಿ ಕೇಳಬೇಕು, ಆಗ ಹುಟ್ಟಿದ ದಿನವನ್ನೇ ಕೇಳಿ.